ಚೊಗರಿನ ಬಟ್ಟೆಗಳ ವಿಚಾರವಾಗಿ ನಿರ್ದೇಶಕರಿಗೆ ಬರೆದ ಪತ್ರ

ಮಾನ್ಯ ನಿರ್ದೇಶಕರಿಗೆ,

ನಮಸ್ಕಾರಗಳು. ಕಳೆದ ವಾರ ಸಾಗರದ ಸಮೀಪದ ಆ ಮನೆಯಂಗಳದಲ್ಲಿ ಸೋನೆ ಮಳೆಯ ನಡುವೆ ತೆಗೆದ ಕ್ಯಾಮೆರಾ ಪರೀಕ್ಷೆಯ ದೃಶ್ಯಗಳನ್ನು ನೋಡಿದ ಮೇಲೆ, ಈ ಬಣ್ಣವನ್ನು ಎಲ್ಲಿಂದ ತಂದಿರಿ ಎಂದು ತಾವು ಕೇಳಿದಿರಿ. ಎಲ್ಲರ ಎದುರಿಗೆ ನಾನು ನಕ್ಕು ಸುಮ್ಮನಾದೆ. ಏಳು ತಿಂಗಳ ಹಿಂದೆ, ಊರಿನ ಜನರ ಬಟ್ಟೆಗಳನ್ನು ಅಡಿಕೆ ಬೇಯಿಸಿದ ಮೇಲೆ ಉಳಿಯುವ ಒಗರು ರಸವಾದ ಚೊಗರಿನಲ್ಲಿ ಅದ್ದಿಸುತ್ತೇನೆ ಎಂದು ಹೇಳಿದಾಗ ನಕ್ಕವರು ನಾನಲ್ಲ, ಉಳಿದವರು. ಮೈಬಣ್ಣವೂ ಬಟ್ಟೆಯ ಬಣ್ಣವೂ ಒಂದಾಗಿ ಮುಖವೇ ಕಳೆದುಹೋಗುತ್ತದೆ ಎಂದು ಛಾಯಾಗ್ರಾಹಕರು ಹೇಳಿದ್ದರು. ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಬಟ್ಟೆಗೆ ಇಷ್ಟು ಹರಸಾಹಸ ಏಕೆ ಎಂದು ನಿರ್ಮಾಣ ನಿರ್ವಾಹಕರು ಕೇಳಿದ್ದರು. ಈಗ ಕೆಲಸ ಕೈಗೂಡಿರುವುದರಿಂದ, ಯಾವ ಬಟ್ಟೆಯನ್ನು ಯಾರಿಗೆ, ಏಕೆ ಕೊಟ್ಟಿದ್ದೇನೆ ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ತಮಗೆ ಬರೆದು ತಿಳಿಸುವುದು ಒಳ್ಳೆಯದೆನಿಸಿತು.

ಮೊದಲು ತಾವು ಕೊಟ್ಟಿದ್ದ ಹಳೆಯ ಫೋಟೋಗಳ ವಿಚಾರ. ಅವುಗಳಲ್ಲಿ ಹೆಂಗಸರ ಸೀರೆಗಳು ಬಹುತೇಕ ಕಪ್ಪಾಗಿಯೂ ಗಂಡಸರ ಪಂಚೆಗಳು ಬೂದಿಬಿಳುಪಾಗಿಯೂ ಕಾಣುತ್ತವೆ. ಅದನ್ನೇ ಆಧಾರವಾಗಿಟ್ಟುಕೊಂಡು ತಾವು ಊರಿಡೀ ಮಣ್ಣಿನ ಬಣ್ಣದಲ್ಲಿರಬೇಕು ಎಂದು ಬಯಸಿದ್ದಿರಿ. ಆದರೆ ಹಿಂದೆ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಅದರಲ್ಲಿ ಕೆಂಪು ಸೀರೆ ಕಪ್ಪಾಗಿಯೂ ನೀಲಿ ಸೀರೆ ತಿಳಿಯಾಗಿಯೂ ದಾಖಲಾಗುತ್ತಿತ್ತು. ಕೃತಕ ನೀಲಿ 1897ರಲ್ಲೇ ಮಾರುಕಟ್ಟೆಗೆ ಬಂದಿತ್ತು, ಕೃತಕ ಕೆಂಪು ಅದಕ್ಕೂ ಮುಂಚೆ ಬಂದಿತ್ತು. ನಮ್ಮ ಕಥೆ ನಡೆಯುವುದು 1943ರಲ್ಲಿ. ಆ ಹೊತ್ತಿಗೆ ಸಂತೆಗೆ ಹೋಗಿಬರುವ ಯಾವ ಹಳ್ಳಿಯಲ್ಲೂ ಗಾಢ ಬಣ್ಣದ ಸೀರೆ ಇಲ್ಲದಿರಲು ಕಾರಣವಿಲ್ಲ. ಎಲ್ಲರಿಗೂ ಕಂದು ಬಟ್ಟೆ ಹೊದಿಸಿ ಹಳೆಯ ಕಾಲ ಎನ್ನುವುದು ನಮ್ಮ ಚಿತ್ರರಂಗದ ಸೋಮಾರಿತನ ಎಂದೇ ನನ್ನ ಅಭಿಪ್ರಾಯ, ತಾವು ಬೇಸರಿಸಬಾರದು. ಯುದ್ಧಕಾಲದಲ್ಲಿ ಬಟ್ಟೆಯ ಅಭಾವವಿದ್ದದ್ದು ನಿಜ. ಅದರಿಂದಾಗಿ ನಮ್ಮ ಪಾತ್ರಗಳ ಮೈಮೇಲೆ ಹೊಸ ಬಟ್ಟೆ ಇರಬಾರದು, ತೇಪೆ ಇರಬೇಕು, ಇದ್ದ ಬಣ್ಣ ಮಾಸಿರಬೇಕು. ಬಣ್ಣವೇ ಇಲ್ಲದಿರುವುದು ಬೇರೆ, ಬಣ್ಣ ಮಾಸಿರುವುದು ಬೇರೆ.

ಈ ಕಾರಣದಿಂದಲೇ ಕೆಂಪನ್ನು ನಾನು ಒಬ್ಬರಿಗೆ ಮಾತ್ರ ಮೀಸಲಿಟ್ಟಿದ್ದೇನೆ. ನಾಯಕಿಗೆ ಮೊದಲ ದೃಶ್ಯದಲ್ಲಿ ಕೆಂಪು ಸೀರೆ ಬೇಕೆಂದು ತಾವು ಎರಡು ಬಾರಿ ಹೇಳಿದಿರಿ, ನಾನು ಎರಡು ಬಾರಿಯೂ ಮಾತು ತಪ್ಪಿಸಿದೆ. ಆ ಕಾಲದ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿಕೊಂಡ ವಿಧವೆಯರು ರವಿಕೆಯಿಲ್ಲದೆ ಕೆಂಪು ಸೀರೆಯ ಸೆರಗನ್ನೇ ತಲೆಗೆ ಹೊದ್ದು ಮಡಿಯಲ್ಲಿರುತ್ತಿದ್ದರು. ಸುಮಂಗಲಿಯರು ಕೆಂಪು ಉಡುತ್ತಲೇ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ, ಖಂಡಿತ ಉಡುತ್ತಿದ್ದರು. ಆದರೆ ನಮ್ಮ ಚಿತ್ರದಲ್ಲಿ ಅಂಥ ವಿಧವೆಯಾದ ಅತ್ತೆಯ ಪಾತ್ರ ಅಡುಗೆಮನೆಯ ಕತ್ತಲಿನಿಂದ ಹೊರಬರುವುದು ಮೂರೇ ಸಲ. ಆ ಮೂರು ಸಲವೂ ಪ್ರೇಕ್ಷಕರ ಕಣ್ಣು ನೇರವಾಗಿ ಅವರ ಮೇಲೆ ಹೋಗಬೇಕಾದರೆ, ಅದಕ್ಕೆ ಮುಂಚೆ ಬರಿಗೆಂಪು ಎಲ್ಲಿಯೂ ಕಂಡಿರಬಾರದು. ಹಸಿರು ತೋಟದ ಮುಂದೆ ಕೆಂಪಿನಷ್ಟು ಬೇಗ ಕಣ್ಣು ಸೆಳೆಯುವ ಬಣ್ಣ ಬೇರೊಂದಿಲ್ಲ, ಆದ್ದರಿಂದ ಅದನ್ನು ದುಂದು ಮಾಡಲು ನನಗೆ ಮನಸ್ಸಿಲ್ಲ.

ಉಳಿದ ಊರಿಗೆ ಚೊಗರು. 1943ರ ಹಳ್ಳಿಯವರು ಸೀರೆಗಳನ್ನು ಚೊಗರಿನಲ್ಲಿ ಅದ್ದಿ ಉಡುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಅಡಿಕೆ ಸುಲಿಯುವ, ಬೇಯಿಸುವ, ಹರಡುವ ಮನೆಯಲ್ಲಿ ಚೊಗರು ತಾನಾಗಿಯೇ ಬಟ್ಟೆಗೆ ತಾಗುತ್ತದೆ ಮತ್ತು ಒಗೆದರೂ ಹೋಗುವುದಿಲ್ಲ. ಒಂದು ಊರಿನ ಬಟ್ಟೆಗಳಿಗೆಲ್ಲ ಒಂದೇ ಕಸುಬಿನ ಕಲೆ ತಳದಲ್ಲಿ ಕೂತಿದ್ದರೆ, ಮೇಲಿನ ಬಣ್ಣಗಳು ಬೇರೆಬೇರೆಯಾದರೂ ಅವು ಒಂದೇ ನೀರು ಕುಡಿದ ಹಾಗೆ ಕಾಣುತ್ತವೆ ಎಂಬುದಷ್ಟೇ ನನ್ನ ಲೆಕ್ಕಾಚಾರವಾಗಿತ್ತು. ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣವನ್ನು ಎಷ್ಟೋ ವರ್ಷಗಳಿಂದ ಹಾಕುತ್ತಿದ್ದಾರೆ, ಆದ್ದರಿಂದ ಇದು ನನ್ನ ಆವಿಷ್ಕಾರವೇನಲ್ಲ. ಅದನ್ನು ಕ್ಯಾಮೆರಾಕ್ಕೆ, ಮಳೆಗೆ ಮತ್ತು ಲಾಟೀನಿನ ಬೆಳಕಿಗೆ ಒಗ್ಗಿಸಿದ್ದು ಮಾತ್ರ ನನ್ನ ಕೆಲಸ. ಅಷ್ಟರ ಮಟ್ಟಿಗೆ ಹೆಮ್ಮೆಪಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲ ಪಾಳಿ ಪೂರ್ತಿ ಹಾಳಾಯಿತು. ಶಿವಮೊಗ್ಗದಲ್ಲಿ ಬಾಡಿಗೆಗೆ ಹಿಡಿದಿದ್ದ ಶೆಡ್ಡಿನಲ್ಲಿ ಕೊಳವೆಬಾವಿಯ ನೀರು ಬಳಸಿ ಸುಮಾರು ನಲವತ್ತು ಮೀಟರ್ ಕೋರಾ ಬಟ್ಟೆಯನ್ನು ಅದ್ದಿದೆವು. ಕೆಂಗಂದು ಬರಬೇಕಾದಲ್ಲಿ ಬೂದುಗಪ್ಪು ಬಂತು, ಅದೂ ಒಂದೇ ಸಮನಾಗಿರದೆ ಹೆಣದ ಮೈಯಂತೆ ಮಚ್ಚೆಮಚ್ಚೆಯಾಗಿತ್ತು. ನಾನು ಚೊಗರು ಹಳತಾಗಿದೆ ಎಂದುಕೊಂಡು ಅದನ್ನು ಕೊಟ್ಟವರ ಮೇಲೆ ಸಿಟ್ಟಾದೆ, ಹೊಸದನ್ನು ತರಿಸಿ ಇನ್ನೂ ಹತ್ತು ಮೀಟರ್ ಕೆಡಿಸಿದೆ. ಆಮೇಲೆ ತಿಳಿದದ್ದು, ತಪ್ಪು ಚೊಗರಿನದಲ್ಲ, ನೀರಿನದು. ಜಂಬಿಟ್ಟಿಗೆ ನೆಲದ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಸಾಮಾನ್ಯ, ಚೊಗರಿನ ಒಗರೂ ಕಬ್ಬಿಣವೂ ಸೇರಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಈಗ ನಾನು ಯಾವ ನೀರನ್ನಾದರೂ ಬಳಸುವ ಮುನ್ನ ಗಾಜಿನ ಲೋಟದಲ್ಲಿ ಹಿಡಿದು ಒಂದು ಚಮಚ ಚೊಗರು ಹಾಕಿ ಹತ್ತು ನಿಮಿಷ ಬಿಡುತ್ತೇನೆ. ನೀರು ಚಹಾದಂತೆ ಕೆಂಪಗೆ ಉಳಿದರೆ ಒಳ್ಳೆಯದು, ನೇರಳೆ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ ಆ ನೀರಿನಲ್ಲಿ ಕೈ ತೊಳೆಯುವುದೂ ಬೇಡ. ಆ ಪಾಳಿಯಲ್ಲಿ ಬಟ್ಟೆ, ಸೌದೆ, ಇಬ್ಬರ ಕೂಲಿ ಸೇರಿ ಹದಿನೈದು ಸಾವಿರದ ಆಸುಪಾಸು ನೀರುಪಾಲಾಯಿತು. ನಿರ್ಮಾಪಕರಿಗೆ ಆಗ ಹನ್ನೆರಡು ಎಂದಿದ್ದೆ.

ಎರಡನೆಯ ಪಾಳಿಯ ಕಥೆ ಇನ್ನೂ ನಾಚಿಕೆಯದು. ನೀರು ಸರಿಯಿತ್ತು, ಬಣ್ಣವೂ ಚೆನ್ನಾಗಿ ಹತ್ತಿತು, ಆದರೆ ಸಮಯ ಉಳಿಸುವ ಆಸೆಯಿಂದ ಹದಿನೆಂಟು ರವಿಕೆಗಳನ್ನು ಮೊದಲೇ ಹೊಲಿಸಿ ಆಮೇಲೆ ಅದ್ದಿದ್ದೆವು. ಹೊಲಿದವರು ಬಳಸಿದ್ದು ಪಾಲಿಯೆಸ್ಟರ್ ದಾರ. ಬಟ್ಟೆ ಕಂದಾಯಿತು, ಹೊಲಿಗೆಗಳು ಮಾತ್ರ ಬೆಳ್ಳಗೆ ಹಲ್ಲು ಕಿರಿದುಕೊಂಡು ನಿಂತವು, ಏಕೆಂದರೆ ಪಾಲಿಯೆಸ್ಟರಿಗೆ ಚೊಗರು ಹತ್ತುವುದಿಲ್ಲ. ಅದರ ಮೇಲೆ, ಕೈಮಗ್ಗದ ಬಟ್ಟೆಯನ್ನು ಹೊಲಿಗೆಗೆ ಮುಂಚೆ ನೆನೆಸಿರಲಿಲ್ಲವಾದ್ದರಿಂದ ಬಿಸಿನೀರಿಗೆ ಬಿದ್ದ ಕೂಡಲೇ ತೋಳುಗಳು ಒಂದೊಂದು ಬೆರಳಿನಷ್ಟು ಗಿಡ್ಡವಾದವು. ಇದು ಹೊಲಿಗೆ ಕಲಿಯುವ ಮಕ್ಕಳಿಗೂ ಗೊತ್ತಿರುವ ವಿಷಯ, ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನಾನು ಮರೆತೆ. ಈಗ ಎಲ್ಲ ಬಟ್ಟೆಯನ್ನೂ ಥಾನಿನಲ್ಲೇ ಅದ್ದಿ, ಒಣಗಿಸಿ, ಅದೇ ಹಂಡೆಯಲ್ಲಿ ಅದ್ದಿದ ಹತ್ತಿಯ ದಾರದಿಂದಲೇ ಹೊಲಿಸುತ್ತಿದ್ದೇನೆ.

ಮೂರನೆಯ ಬಾರಿ ಶೆಡ್ಡಿನ ಗೋಜನ್ನೇ ಬಿಟ್ಟು, ಅಡಿಕೆ ಕೊಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರಿನಲ್ಲಿ, ಸಾಗರದ ಕಡೆಯ ಒಂದು ಮನೆಯ ಅಂಗಳಕ್ಕೇ ಬಟ್ಟೆ ಹೊತ್ತುಕೊಂಡು ಹೋದೆ. ಅಲ್ಲಿ ಅಡಿಕೆ ಬೇಯಿಸುವ ತಾಮ್ರದ ಹಂಡೆ ಇತ್ತು, ಹಳ್ಳದ ನೀರು ಲೋಟದ ಪರೀಕ್ಷೆಯಲ್ಲಿ ಗೆದ್ದಿತ್ತು, ಮತ್ತು ಐದಾರು ಒಬ್ಬೆ ಬೇಯಿಸಿ ಮಂದವಾದ ಚೊಗರು ಕೈಗೆಟುಕುವಲ್ಲೇ ಇತ್ತು. ಒಂದು ಕೊಡಕ್ಕೆ ಐನೂರು ರೂಪಾಯಿ ಕೊಡುತ್ತೇನೆ ಎಂದಾಗ ಆ ಮನೆಯ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, "ಅಲ್ಲ ತಂಗಿ, ಚೊಗರು ಸೀರೆಗೆ ಬಿತ್ತು ಅಂತ ನಮ್ಮತ್ತೆ ಹತ್ರ ನಾವು ಬೈಸ್ಕೊಳ್ತಿದ್ವಿ, ನೀನು ದುಡ್ಡು ಕೊಟ್ಟು ಹಚ್ಕೊಳ್ತೀಯಲ್ಲ" ಎಂದರು. ಆ ಮಾತು ಕೇಳಿದ ಮೇಲೆ ನನ್ನ ಲೆಕ್ಕಾಚಾರದ ಬಗ್ಗೆ ಉಳಿದಿದ್ದ ಅನುಮಾನವೂ ಹೋಯಿತು.

ನಾಯಕಿಯ ದಿನಬಳಕೆಯ ಸೀರೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. ಅದು ನಲವತ್ತನೆಯ ನಂಬರಿನ ನೂಲಿನ, ಅರ್ಧ ಕಿಲೋದ ಆಸುಪಾಸು ತೂಗುವ ಕೈಮಗ್ಗದ ಸೀರೆ. ಮೊದಲು ಒಂದು ಮುಷ್ಟಿ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ ಗಂಜಿ, ಎಣ್ಣೆ ತೆಗೆದು, ನೀರು ಹಳದಿ ಬಿಡುವುದು ನಿಲ್ಲುವವರೆಗೂ ಜಾಲಿಸಿದೆವು. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಬಣ್ಣ ಮಚ್ಚೆಯಾಗುತ್ತದೆ. ಒಂದು ಹನಿ ನೀರು ಬಟ್ಟೆಯ ಮೇಲೆ ಬಿದ್ದೊಡನೆ ಹೀರಿಕೊಂಡರೆ ಸಿದ್ಧವಾಗಿದೆ ಎಂದರ್ಥ, ಹನಿ ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಬೇಕು. ಆಮೇಲೆ ಹತ್ತು ಲೀಟರ್ ನೀರಿಗೆ ಒಂದೂವರೆ ಲೀಟರಿನಷ್ಟು ಮಂದ ಚೊಗರು ಬೆರೆಸಿ, ಕೈ ಇಡಲಾರದಷ್ಟು ಬಿಸಿ ಮಾಡಿ, ಮುಕ್ಕಾಲು ಗಂಟೆ ಬಿಡದೆ ತಿರುವಿ, ರಾತ್ರಿಯಿಡೀ ಅದರಲ್ಲೇ ಆರಲು ಬಿಟ್ಟೆವು. ಮರುದಿನ ನೆರಳಿನಲ್ಲಿ ಒಣಗಿಸಿ, ಎಪ್ಪತ್ತೈದು ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಮತ್ತೆ ಚೊಗರಿಗೆ ಹಾಕಿದೆವು. ಎರಡನೆಯ ಅದ್ದಿಗೆಯಲ್ಲಿ ಬಂದದ್ದೇ ತಾವು ನೋಡಿದ ಬಣ್ಣ. ಕೊನೆಯ ಜಾಲಿಕೆಯ ನೀರಿಗೆ ಒಂದು ಸೊಪ್ಪಿನ ರಸ ಹಾಕುತ್ತೇನೆ, ಅದರಿಂದ ಬಣ್ಣ ಮೈಗೂ ಪಕ್ಕದ ಬಟ್ಟೆಗೂ ಇಳಿಯುವುದಿಲ್ಲ. ಅದರ ಹೆಸರನ್ನು ಮಾತ್ರ ಈ ಪತ್ರದಲ್ಲಿ ಬರೆಯುವುದಿಲ್ಲ, ನಮ್ಮ ಪತ್ರಗಳು ಎಲ್ಲೆಲ್ಲಿ ಓಡಾಡುತ್ತವೆ ಎಂಬುದು ತಮಗೆ ಗೊತ್ತಿದೆ.

ಛಾಯಾಗ್ರಾಹಕರ ಆಕ್ಷೇಪಣೆಯಲ್ಲಿ ಸತ್ಯವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಬರೀ ಚೊಗರಿನ ಬಣ್ಣ ನಮ್ಮ ಜನರ ಮೈಬಣ್ಣಕ್ಕೆ ತೀರ ಹತ್ತಿರ, ಮೊದಲ ಪರೀಕ್ಷೆಯಲ್ಲಿ ಆಳುಗಳ ಪಾತ್ರದವರು ದೂರದಿಂದ ಬರಿಮೈಯಲ್ಲಿ ನಿಂತಂತೆ ಕಂಡರು. ಅಲ್ಲಿ ನನಗೆ ನೆರವಾದದ್ದು ಹಾಳಾದ ಮೊದಲ ಪಾಳಿಯೇ. ಕಬ್ಬಿಣ ಚೊಗರನ್ನು ಕಪ್ಪಾಗಿಸುತ್ತದೆ ಎಂದಾದರೆ, ಅದನ್ನೇ ಲೆಕ್ಕವಿಟ್ಟು ಹಾಕಬಹುದಲ್ಲವೆ? ಅರ್ಧ ಕಿಲೋ ಬಟ್ಟೆಗೆ ಎರಡು ಗ್ರಾಂ ಅನ್ನಭೇದಿ ಎಂಬ ಕಬ್ಬಿಣದ ಲವಣ ಕರಗಿಸಿದ ತಣ್ಣೀರಿನಲ್ಲಿ ಎರಡೇ ನಿಮಿಷ ಅದ್ದಿ ತೆಗೆದರೆ ಕಂದು ಬಣ್ಣ ಕೆಂಪನ್ನು ಬಿಟ್ಟುಕೊಟ್ಟು ಒದ್ದೆ ಕಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮೈಯಿಂದ ಅದು ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಆಳುಗಳ ತುಂಡು ಪಂಚೆ, ಚೌಕಗಳನ್ನೆಲ್ಲ ಇಪ್ಪತ್ತನೆಯ ನಂಬರಿನ ಒರಟು ಬಟ್ಟೆಯಲ್ಲಿ ಹೀಗೆ ಮಾಡಿಸಿದ್ದೇನೆ. ಅನ್ನಭೇದಿಯ ವಿಚಾರದಲ್ಲಿ ಕೈ ಬಿಗಿಯಿರಬೇಕು, ಹೆಚ್ಚಾದರೆ ನೂಲು ಒರಟಾಗಿ ಕೆಲವೇ ತಿಂಗಳಲ್ಲಿ ಹರಿಯಲು ತೊಡಗುತ್ತದೆ. ಇನ್ನೊಂದು ಅಪಾಯ ಹುಳಿಯದು. ಊಟದ ದೃಶ್ಯದಲ್ಲಿ ಯಾರಾದರೂ ನಿಂಬೆಹಣ್ಣು ಹಿಂಡಿ ಕೈಯನ್ನು ಪಂಚೆಗೆ ಒರೆಸಿಕೊಂಡರೆ ಅಲ್ಲಿ ತಿಳಿ ಕಲೆ ಬೀಳುತ್ತದೆ, ಆ ದಿನ ನಿಂಬೆಹಣ್ಣು ಬೇಡವೆಂದು ಈಗಲೇ ಕೇಳಿಕೊಳ್ಳುತ್ತೇನೆ.

ಯಜಮಾನರ ಬಿಳಿ ಪಂಚೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟಿತು. ಕೆಸರಿನ ಊರಿನಲ್ಲಿ ಬೆಳ್ಳಗಿರುವುದೇ ಅವರ ದರ್ಪ, ಆದ್ದರಿಂದ ಬಿಳುಪು ಇರಲೇಬೇಕು. ಆದರೆ ಇಂದಿನ ಅಂಗಡಿಯ ಬಿಳಿ ಪಂಚೆಗಳಿಗೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಅದು ಮೋಡದ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತದೆ ಮತ್ತು ಅಂಥ ಮಿನುಗು 1943ರ ಹಳ್ಳಿಯಲ್ಲಿ ಇರಲು ಸಾಧ್ಯವಿಲ್ಲ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಅಂಥ ಬಟ್ಟೆ ದೀಪದಂತೆ ಹೊಳೆಯುತ್ತದೆ, ಹಾಗಾಗಿ ಅಂಗಡಿಗೆ ಹೋಗುವಾಗ ಆ ಟಾರ್ಚು ಈಗ ನನ್ನ ಚೀಲದಲ್ಲೇ ಇರುತ್ತದೆ. ತೊಳೆದರೆ ಅದು ಪೂರ್ತಿ ಹೋಗದು. ಕೊನೆಗೆ ಸಣ್ಣ ನೂಲಿನ ಕೋರಾ ಪಂಚೆಗಳನ್ನೇ ತಂದು, ಸೋಡಾದಲ್ಲಿ ಕುದಿಸಿ, ಹುಲ್ಲಿನ ಮೇಲೆ ಹರಡಿ, ನೀರು ಚಿಮುಕಿಸುತ್ತಾ ಎರಡು ವಾರ ಬಿಸಿಲಿಗೆ ಹಾಕಿದೆ. ಬಂದ ಬಿಳುಪು ಅಕ್ಕಿಯ ಬಿಳುಪು. ಸುತ್ತಲಿನ ತೋಟದ ಹಸಿರು ಅದರ ಮೇಲೆ ಸ್ವಲ್ಪ ಬೀಳುತ್ತದೆ, ಅದನ್ನು ಬಣ್ಣ ತಿದ್ದುವಾಗ ತೆಗೆಯಬೇಡಿ ಎಂದು ಕೋರುತ್ತೇನೆ.

ರಾತ್ರಿಯ ದೃಶ್ಯಗಳಿಗಾಗಿ ಒಂದು ಮಾತು. ಲಾಟೀನಿನ ಹಳದಿ ಬೆಳಕಿನಲ್ಲಿ ನೀಲಿ ಸತ್ತು ಕಪ್ಪಾಗುತ್ತದೆ, ಚೊಗರು ಅರಳುತ್ತದೆ, ಅತ್ತೆಯ ಕೆಂಪು ಕೆಂಡದ ಹಾಗೆ ಏಳುತ್ತದೆ. ತಂಗಿಯ ಪಾತ್ರಕ್ಕೆ ಕೊಟ್ಟಿರುವ ನೀಲಿ ಚೌಕಳಿ ಸೀರೆ ರಾತ್ರಿಯಲ್ಲಿ ಬರೀ ಕಪ್ಪಾಗಿ ಕಂಡದ್ದು ಇದರಿಂದಲೇ. ಅದರ ಅಂಚಿಗೆ ಕಾಲು ಇಂಚಿನ ಹಳದಿ ಗೆರೆ ಸೇರಿಸಿದ್ದೇನೆ, ಮುಖ ತಿರುಗಿಸಿದಾಗ ಆಕಾರ ತಿಳಿಯಲು ಅಷ್ಟು ಸಾಕು.

ಮಳೆಯ ದೃಶ್ಯಗಳಿಗೆ ನಾಯಕಿಯ ಸೀರೆಗೆ ನಾಲ್ಕು ಪ್ರತಿ ಮಾಡಿಸಿದ್ದೇನೆ, ನಾಲ್ಕೂ ಒಂದೇ ಹಂಡೆಯಲ್ಲಿ ಒಂದೇ ದಿನ ಅದ್ದಿದವು. ಬೇರೆ ದಿನ ಅದ್ದಿದ ಸೀರೆ ಅಂಗಳದಲ್ಲಿ ಒಂದೇ ಬಣ್ಣ ಕಂಡರೂ ಎಲ್ಇಡಿ ದೀಪದ ಕೆಳಗೆ ಬೇರೆಯಾಗಿ ಕಾಣುವುದನ್ನು ನಾನು ಈ ಕೆಲಸದಲ್ಲೇ ಎರಡು ಬಾರಿ ಅನುಭವಿಸಿದ್ದೇನೆ. ಒದ್ದೆಯಾದಾಗ ಚೊಗರು ಎರಡು ಮೆಟ್ಟಿಲು ಗಾಢವಾಗುತ್ತದೆ. ಆದ್ದರಿಂದ ಮಳೆಗೆ ಮುಂಚಿನ ಮತ್ತು ನಂತರದ ದೃಶ್ಯಗಳನ್ನು ಒಂದೇ ದಿನ ತೆಗೆಯುವುದಾದರೆ ಒಣ ಪ್ರತಿ ಮೊದಲು, ಒದ್ದೆ ಪ್ರತಿ ಆಮೇಲೆ. ಸಂಜೆ ಒದ್ದೆ ಬಟ್ಟೆಗಳನ್ನು ರಾಶಿ ಹಾಕಿ ಬಿಟ್ಟರೆ ಈ ಊರಿನ ಜುಲೈ ತಿಂಗಳಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿದು ಕರಿಚುಕ್ಕೆ ಬೀಳುತ್ತದೆ, ಆ ಚುಕ್ಕೆ ಯಾವ ಜನ್ಮಕ್ಕೂ ಹೋಗುವುದಿಲ್ಲ. ಆ ಮನೆಯವರು ಬಚ್ಚಲೊಲೆಯ ಮೇಲಿನ ಗಳುಗಳನ್ನು ನಮಗೆ ಬಿಟ್ಟುಕೊಡಲು ಒಪ್ಪಿದ್ದಾರೆ.

ಹಳತಾಗಿಸುವ ಕೆಲಸದಲ್ಲಿ ಒಂದೆರಡು ಅಡ್ಡಪ್ರಯೋಗಗಳನ್ನೂ ಮಾಡಿದೆ. ತೋಟದ ಆಳುಗಳ ಬಟ್ಟೆಗೆ ಬಾಳೆಯ ಸೊನೆಯನ್ನು ಸಿಡಿಸಿದೆ. ಮೊದಲು ಏನೂ ಕಾಣದೆ ಎರಡು ದಿನಕ್ಕೆ ಕಂದಾಗುವ ಆ ಕಲೆಯನ್ನು ಯಾವ ಪೇಂಟೂ ಹುಟ್ಟಿಸಲಾರದು. ಯಜಮಾನರ ಪಂಚೆಯ ಮೂಲೆಗೆ ಹಿಂದಿನ ಅಗಸರಂತೆ ಕರಿಗೇರಿನ ಬೀಜದಿಂದ ಗುರುತು ಹಾಕಿಸಲು ಹೋಗಿ ನನ್ನ ಸಹಾಯಕನ ಕೈ ಬೊಕ್ಕೆಯೆದ್ದು, ಅವನಿಗೆ ಒಂದು ವಾರ ರಜೆ ಕೊಡಬೇಕಾಯಿತು. ಗುರುತು ಮಾತ್ರ ಸೊಗಸಾಗಿ ಬಂದಿದೆ, ಆದರೆ ಅದು ನಿಮ್ಮ ಯಾವ ಶಾಟಿನಲ್ಲೂ ಕಾಣುವುದಿಲ್ಲ ಎಂದು ತಿಳಿದು ಅವನಿಗೆ ಇನ್ನೂ ಬೇಸರವಿದೆ.

ಹಣದ ಲೆಕ್ಕವನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಚೀಟಿಗಳು ನಿರ್ವಾಹಕರ ಬಳಿ ಇವೆ. ಒಟ್ಟು ಮುನ್ನೂರು ಮೀಟರಿಗೆ ತುಸು ಹೆಚ್ಚು ಬಟ್ಟೆ, ಮೀಟರಿಗೆ ಇನ್ನೂರ ಇಪ್ಪತ್ತರಿಂದ ಇನ್ನೂರೈವತ್ತು. ಸೀರೆಗಳು ಬೇರೆ. ಚೊಗರು, ಪಟಿಕ, ಸೌದೆ, ಕೂಲಿ ಸೇರಿ ಮೂವತ್ತೈದು ಸಾವಿರ. ಹಾಳು ಮಾಡಿದ್ದನ್ನೂ ಸೇರಿಸಿದರೆ ಎಲ್ಲವೂ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಬಾಡಿಗೆ ಅಂಗಡಿ ನಲವತ್ತು ದಿನಕ್ಕೆ ಕೇಳಿದ್ದು ಎರಡೂವರೆ ಲಕ್ಷ, ಅದೂ ಹೊಳೆಯುವ ಪಾಲಿಯೆಸ್ಟರ್ ಅಂಚಿನ ಸೀರೆಗಳಿಗೆ.

ಇನ್ನು ತಮ್ಮಿಂದ ನನಗೆ ಬೇಕಾಗಿರುವುದು ಎರಡೇ. ಚಿತ್ರೀಕರಣದ ಸ್ಥಳದಲ್ಲಿ ಯಾರೂ ಈ ಬಟ್ಟೆಗಳನ್ನು ಸೋಪಿನ ಪುಡಿಯಲ್ಲಿ ಒಗೆಯಬಾರದು. ಕ್ಷಾರ ತಾಗಿದರೆ ಎಲೆಯಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವಂತೆ ಬಟ್ಟೆಯೂ ಕೆಂಪಾಗುತ್ತದೆ, ಆಗ ನಾನು ಅತ್ತೆಗೆ ಮೀಸಲಿಟ್ಟ ಬಣ್ಣ ಊರಿಗೆಲ್ಲ ಹರಡುತ್ತದೆ. ಅಂಟುವಾಳದ ಕಾಯಿ ಒಂದು ಚೀಲ ತರಿಸಿದ್ದೇನೆ, ಅದರಲ್ಲಿಯೇ ಒಗೆಯಲಿ. ಎರಡನೆಯದು, ಹಳ್ಳದ ನೀರಿಗೆ ಐನೂರು ಲೀಟರಿನ ಒಂದು ಪ್ಲಾಸ್ಟಿಕ್ ಟ್ಯಾಂಕು. ನಿರ್ವಾಹಕರು ಶಾಲೆಯ ಕೊಳವೆಬಾವಿಯ ನೀರು ಸಾಕು ಎನ್ನುತ್ತಿದ್ದಾರೆ. ಆ ನೀರನ್ನು ನಿನ್ನೆ ಲೋಟದಲ್ಲಿ ಹಿಡಿದು ಚೊಗರು ಹಾಕಿದೆ, ಹತ್ತು ನಿಮಿಷವೂ ಬೇಕಾಗಲಿಲ್ಲ. ಲೋಟವನ್ನು ಹಾಗೆಯೇ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ವಸ್ತ್ರ ವಿನ್ಯಾಸಕಿ